ಸುಲಭದ ಟಿಕೆಟ್‌ಗಳು ಕಡಿಮೆಯಾದರೆ ಫ್ರೆಶರ್ ಕಲಿಯುವುದು ಎಲ್ಲಿ?

ಸಾಫ್ಟ್‌ವೇರ್ ಸರ್ವಿಸಸ್ ಕಂಪನಿಗೆ ಸೇರಿದ ಹೊಸಬರಿಗೆ ಮೊದಲ ವರ್ಷ ಸಿಗುವುದು ಹೆಚ್ಚಾಗಿ ಬೇರೆ ಯಾರಿಗೂ ಬೇಡದ ಕೆಲಸ. ಹಳೇ ಅಪ್ಲಿಕೇಶನ್‌ಗೆ ಒಂದು ಫೀಲ್ಡ್ ಸೇರಿಸು. ರಿಪೋರ್ಟ್‌ನಲ್ಲಿ ಒಂದು ಕಾಲಂ ಬದಲಿಸು. ಯಾರೋ ಬರೆದು ಬಿಟ್ಟುಹೋದ ಕ್ಲಾಸ್‌ಗೆ ಯೂನಿಟ್ ಟೆಸ್ಟ್ ಬರಿ. ರಾತ್ರಿ ಓಡಬೇಕಿದ್ದ ಬ್ಯಾಚ್ ಜಾಬ್ ಯಾಕೆ ನಿಂತಿತು ನೋಡು. ಟಿಕೆಟ್ ಎಂದು ಕರೆಯುವ ಈ ಬಿಡಿ ಕೆಲಸಗಳಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇರುವುದಿಲ್ಲ. ಆದರೆ ಇವುಗಳನ್ನು ಮಾಡುತ್ತ ಮಾಡುತ್ತಲೇ ಹೊಸಬರು ಆ ಸಿಸ್ಟಮ್ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುತ್ತಿದ್ದರು.

ಕೋಡ್ ಬರೆಯುವ ಎಐ ಟೂಲ್‌ಗಳು ಚೆನ್ನಾಗಿ ಮಾಡುವುದೂ ಇದೇ ಕೆಲಸವನ್ನು. ಗಿಟ್‌ಹಬ್ ಕೋಪೈಲಟ್ 2021ರಲ್ಲಿ ಪ್ರಯೋಗಕ್ಕೆ ಬಂದಾಗ ಅದು ಸಾಲು, ಹೆಚ್ಚೆಂದರೆ ಒಂದು ಫಂಕ್ಷನ್ ಮುಗಿಸಿಕೊಡುವ ಟೂಲ್ ಅಷ್ಟೇ ಆಗಿತ್ತು. ಈಗಿನ ಟೂಲ್‌ಗಳು ಟಿಕೆಟ್ ಓದುತ್ತವೆ, ಫೈಲ್‌ಗಳನ್ನು ಹುಡುಕುತ್ತವೆ, ಬದಲಾವಣೆ ಮಾಡುತ್ತವೆ, ಟೆಸ್ಟ್ ಬರೆದು ಓಡಿಸಿಯೂ ನೋಡುತ್ತವೆ. "ಹಾಗಾದರೆ ಫ್ರೆಶರ್‌ಗಳ ಕೆಲಸ ಹೋಯಿತು" ಎಂದು ಇಲ್ಲಿಗೇ ಮಾತು ಮುಗಿಸುವವರು ತುಂಬ ಜನ. ನಿಜವಾಗಿ ಆಗುತ್ತಿರುವುದು ಅಷ್ಟು ನೇರವಾಗಿಲ್ಲ. ಅದು ಅರ್ಥವಾಗಬೇಕಾದರೆ ಈ ಕಂಪನಿಗಳು ದುಡ್ಡು ಮಾಡುವ ಬಗೆಯನ್ನು ಮೊದಲು ನೋಡಬೇಕು.

ಪಿರಮಿಡ್‌ನ ಲೆಕ್ಕ

ಪ್ರಾಡಕ್ಟ್ ಕಂಪನಿ ತನ್ನ ಸಾಫ್ಟ್‌ವೇರ್ ಮಾರುತ್ತದೆ. ಸರ್ವಿಸಸ್ ಕಂಪನಿ ಮಾರುವುದು ಜನರ ಸಮಯವನ್ನು. ಟೀಮ್‌ನಲ್ಲಿ ಯಾರು ಎಷ್ಟು ಗಂಟೆ ಕೆಲಸ ಮಾಡಿದರೋ ಅದಕ್ಕೆ ತಕ್ಕಂತೆ ಕ್ಲೈಂಟ್‌ಗೆ ಬಿಲ್ ಹೋಗುತ್ತದೆ. ಮೇಲೆ ಒಬ್ಬ ಮ್ಯಾನೇಜರ್, ಕೆಳಗೆ ಇಬ್ಬರು ಲೀಡ್, ಅವರ ಕೆಳಗೆ ಐದಾರು ಅನುಭವಿಗಳು, ತಳದಲ್ಲಿ ಹತ್ತು ಹನ್ನೆರಡು ಹೊಸಬರು. ಇದನ್ನೇ ಅವರು ಪಿರಮಿಡ್ ಅನ್ನುವುದು.

ತಳ ಅಗಲವಾಗಿರುವುದಕ್ಕೆ ಕಾರಣವಿದೆ. ಸುಮ್ನೆ ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. 20 ಜನರ ಟೀಮ್. 12 ಜನ ಹೊಸಬರು, 8 ಜನ ಅನುಭವಿಗಳು. ಹೊಸಬರ ಒಂದು ಗಂಟೆಗೆ ಕ್ಲೈಂಟ್ ಕೊಡುವುದು 100, ಕಂಪನಿಗೆ ಬೀಳುವ ಖರ್ಚು 50. ಅನುಭವಿಯ ಗಂಟೆಗೆ ಬರುವುದು 150, ಖರ್ಚು 110. ಅನುಭವಿಯಿಂದ ಬರುವ ಬಿಲ್ ದೊಡ್ಡದು, ಆದರೆ ಕೈಯಲ್ಲಿ ಉಳಿಯುವುದು 40. ಹೊಸಬರಿಂದ ಉಳಿಯುವುದು 50. ಇಡೀ ಟೀಮ್‌ನ ಗಂಟೆಯ ಬಿಲ್ 2400, ಉಳಿಯುವುದು 920. ಲಾಭದ ದೊಡ್ಡ ಪಾಲು ತಳದಿಂದಲೇ ಬರುತ್ತದೆ. ವರ್ಷ ಕಳೆದ ಹಾಗೆ ಹೊಸಬರ ಸಂಬಳ ಏರುತ್ತದೆ, ಅವರು ಒಂದು ಮೆಟ್ಟಿಲು ಮೇಲೆ ಹೋಗುತ್ತಾರೆ, ಕೆಳಗೆ ಮತ್ತೆ ಹೊಸಬರನ್ನು ತುಂಬಬೇಕು. ಇಲ್ಲದಿದ್ದರೆ ಮಾರ್ಜಿನ್ ಕರಗುತ್ತದೆ.

ಈಗ ಕಾಂಟ್ರಾಕ್ಟ್ ರಿನ್ಯೂ ಆಗುವ ಸಮಯ ಬಂತು. ಕ್ಲೈಂಟ್ ಕೇಳುತ್ತಾರೆ: "ನಿಮ್ಮವರೆಲ್ಲ ಎಐ ಟೂಲ್ ಬಳಸುತ್ತಾರಲ್ವಾ? ಹಾಗಾದರೆ 20 ಜನ ಯಾಕೆ ಬೇಕು? 16 ಜನರಲ್ಲಿ ಮುಗಿಸಿ." ಯಾವ ನಾಲ್ಕು ಜನ ಹೋಗಬೇಕು? ಟೂಲ್ ಮಾಡಿಕೊಡುವುದು ಸಣ್ಣ ಟಿಕೆಟ್‌ಗಳನ್ನು. ಸಣ್ಣ ಟಿಕೆಟ್ ಮಾಡುತ್ತಿದ್ದವರು ತಳದವರು. ಹಾಗಾಗಿ ಅಲ್ಲಿಂದಲೇ ನಾಲ್ಕು ಹೆಸರು ತೆಗೆಯುತ್ತಾರೆ. ಬಿಲ್ 2400ರಿಂದ 2000ಕ್ಕೆ ಇಳಿಯಿತು. ಉಳಿಯುವುದು 920ರಿಂದ 720ಕ್ಕೆ ಬಂತು. ಅಂದರೆ ಬಿಲ್ ಸುಮಾರು ಶೇ. 17ರಷ್ಟು ಇಳಿದರೆ, ಉಳಿತಾಯ ಶೇ. 22ರಷ್ಟು ಇಳಿಯಿತು.

ಇದನ್ನು ಗಮನಿಸಬೇಕು. ಹೊಸಬರನ್ನು ತೆಗೆದು ಕಂಪನಿ ಖುಷಿಯಾಗಿದೆ ಅಂತ ಅಂದುಕೊಳ್ಳುವುದು ತಪ್ಪು. ಗಂಟೆ ಲೆಕ್ಕದ ಕಾಂಟ್ರಾಕ್ಟ್‌ನಲ್ಲಿ ಅದು ಕಂಪನಿಯ ಹೊಟ್ಟೆಗೇ ಹೊಡೆತ. ಹಾಗಾಗಿ ಇಂಥ ಕಾಂಟ್ರಾಕ್ಟ್‌ನಲ್ಲಿ ಟೂಲ್ ಬಳಸಿ ಅಂತ ಒತ್ತಾಯ ಮಾಡುವವರು ಹೆಚ್ಚಾಗಿ ಕ್ಲೈಂಟ್. ಇಂತಿಷ್ಟು ಕೆಲಸಕ್ಕೆ ಇಷ್ಟು ದುಡ್ಡು ಎಂದು ಮೊದಲೇ ಮಾತಾಡಿಕೊಂಡ ಫಿಕ್ಸ್‌ಡ್ ಪ್ರೈಸ್ ಕಾಂಟ್ರಾಕ್ಟ್‌ನಲ್ಲಿ ಕಥೆ ತಿರುಗುಮುರುಗು. ಅಲ್ಲಿ ಕಡಿಮೆ ಜನರಲ್ಲಿ ಮುಗಿಸಿದರೆ ಉಳಿದ ದುಡ್ಡು ಕಂಪನಿಗೇ. ಅಲ್ಲಿ ಟೂಲ್ ಬೇಕು ಅನ್ನುವುದು ಕಂಪನಿ. ಒತ್ತಡ ಯಾವ ಕಡೆಯಿಂದ ಬಂದರೂ ಮೊದಲು ಎಣಿಸುವುದು ಮಾತ್ರ ತಳದ ಸೀಟುಗಳನ್ನೇ.

ಈ ಲೆಕ್ಕದಲ್ಲಿ ಕಾಣದ ಇನ್ನೊಂದು ಸಂಗತಿ ಇದೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕಂಪನಿ ಸೇರಿದ ಮೇಲೆ ಕ್ಲಾಸ್‌ರೂಮ್ ಟ್ರೇನಿಂಗ್ ಕೆಲವೇ ತಿಂಗಳು. ನಿಜವಾದ ಕಲಿಕೆ ಪ್ರಾಜೆಕ್ಟ್‌ನಲ್ಲೇ ಆಗುತ್ತಿತ್ತು, ಮತ್ತು ಅದಕ್ಕೆ ಬೇರೆ ಬಜೆಟ್ ಇರಲಿಲ್ಲ. ಎರಡು ಗಂಟೆಯ ಟಿಕೆಟ್‌ಗೆ ಹೊಸಬರು ಎರಡು ದಿನ ಹಿಡಿದರೆ, ಆ ಎರಡು ದಿನ ಬಿಲ್ಲಿಂಗ್‌ನಲ್ಲಿ ಎಲ್ಲೋ ಸೇರಿಹೋಗುತ್ತಿತ್ತು. ಕಲಿಕೆಯ ಖರ್ಚನ್ನು ಕ್ಲೈಂಟ್ ತನಗೇ ಗೊತ್ತಿಲ್ಲದೆ ಕೊಡುತ್ತಿದ್ದರು. ಈಗ ಅದೇ ಟಿಕೆಟ್ ಟೂಲ್‌ನಿಂದ ಅರ್ಧ ಗಂಟೆಯಲ್ಲಿ ಆಗುತ್ತದೆ ಎಂದು ಎಲ್ಲರಿಗೂ ಗೊತ್ತು. ಎರಡು ದಿನದ ಬಿಲ್ ಕಳಿಸಿದರೆ ಪ್ರಶ್ನೆ ಬರುತ್ತದೆ. ಬಚ್ಚಿಟ್ಟುಕೊಂಡಿದ್ದ ಆ ಖರ್ಚು ಈಗ ಎಲ್ಲರ ಕಣ್ಣಿಗೆ ಬಿತ್ತು. ಅದನ್ನು ಕೊಡಲು ಯಾರೂ ತಯಾರಿಲ್ಲ.

ಒಂದು ಟಿಕೆಟ್ ಹತ್ತಿರದಿಂದ

ಆ ಎರಡು ದಿನದಲ್ಲಿ ಅಷ್ಟೇನು ಕಲಿಯುತ್ತಿದ್ದರು ಎಂದು ಕೇಳಬಹುದು. ಒಂದು ಉದಾಹರಣೆ ಕಟ್ಟೋಣ. ಕ್ಲೈಂಟ್ ಒಂದು ವಿಮಾ ಕಂಪನಿ. ಟಿಕೆಟ್‌ನಲ್ಲಿ ಇರುವುದು ಇಷ್ಟೇ: "ಪಾಲಿಸಿ ಶುರುವಾದದ್ದು ಜನವರಿ 31ಕ್ಕೆ. ಪ್ರತಿ ತಿಂಗಳ ಕೊನೆಗೆ ಪ್ರೀಮಿಯಂ ಕಟ್ ಆಗಬೇಕು. ಮಾರ್ಚ್‌ನಿಂದ 28ಕ್ಕೇ ಕಟ್ ಆಗುತ್ತಿದೆ. ಗ್ರಾಹಕರ ದೂರು." ರಾತ್ರಿ ಓಡುವ ಬ್ಯಾಚ್ ಜಾಬ್‌ನಲ್ಲಿ ಜಾವಾ ಕೋಡ್ ಹೀಗಿದೆ.

```java
LocalDate next = policy.getDueDate().plusMonths(1);
policy.setDueDate(next);
```

ನೋಡಲು ಏನೂ ತಪ್ಪಿಲ್ಲ. ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದರೆ ಫೆಬ್ರವರಿ 31 ಬರಬೇಕು. ಆ ದಿನವೇ ಇಲ್ಲ, ಹಾಗಾಗಿ ಜಾವಾ ಫೆಬ್ರವರಿ 28 ಕೊಡುತ್ತದೆ. ಅದು ಸರಿ. ತೊಂದರೆ ಇರುವುದು ಎರಡನೇ ಸಾಲಿನಲ್ಲಿ. ಹಳೇ ದಿನಾಂಕದ ಮೇಲೆಯೇ ಹೊಸದನ್ನು ಬರೆದುಬಿಟ್ಟೆವು. 31 ಅನ್ನುವ ಮಾಹಿತಿ ಅಲ್ಲಿಗೆ ಅಳಿಸಿಹೋಯಿತು. ಮುಂದಿನ ತಿಂಗಳು 28ಕ್ಕೆ ಒಂದು ತಿಂಗಳು ಸೇರಿಸಿದರೆ ಮಾರ್ಚ್ 28. ಇನ್ನು ಮುಂದೆ ಎಂದೆಂದಿಗೂ 28.

ಹೊಸಬರೊಬ್ಬರು ಟಿಕೆಟ್ ಮತ್ತು ಕೋಡ್ ಎರಡನ್ನೂ ಟೂಲ್‌ಗೆ ಕೊಟ್ಟರು ಅಂದುಕೊಳ್ಳಿ. ಇಂಥ ಟಿಕೆಟ್‌ಗೆ ಬರಬಹುದಾದ ಒಂದು ಉತ್ತರ ಇದು.

```java
LocalDate due = policy.getDueDate();
LocalDate next = due.plusMonths(1);
if (due.getDayOfMonth() == due.lengthOfMonth()) {
    next = next.withDayOfMonth(next.lengthOfMonth());
}
policy.setDueDate(next);
```

ಈಗಿನ ದಿನಾಂಕ ತಿಂಗಳ ಕೊನೆಯ ದಿನವಾಗಿದ್ದರೆ ಮುಂದಿನದೂ ಕೊನೆಯ ದಿನವೇ ಆಗಲಿ, ಎಂಬುದು ಇದರ ಯೋಚನೆ. ಜೊತೆಗೆ ಟೆಸ್ಟ್ ಕೂಡ ಬರುತ್ತದೆ: ಜನವರಿ 31, ಫೆಬ್ರವರಿ 28, ಮಾರ್ಚ್ 31. ಎಲ್ಲ ಹಸಿರು. ಟಿಕೆಟ್‌ನಲ್ಲಿ ಹೇಳಿದ ತೊಂದರೆ ನಿಜಕ್ಕೂ ಹೋಗಿದೆ. ಕೋಡ್ ಚೊಕ್ಕವಾಗಿದೆ, ಓದಲೂ ಸುಲಭ. ಸಂಜೆ ಕೆಲಸ ಜಾಸ್ತಿ ಇದ್ದರೆ ಲೀಡ್ ಕೂಡ ಒಪ್ಪಿಬಿಡುತ್ತಾರೆ.

ಆದರೆ ಏಪ್ರಿಲ್ 30ಕ್ಕೆ ಶುರುವಾದ ಪಾಲಿಸಿಯನ್ನು ಇಟ್ಟು ನೋಡಿ. 30 ಏಪ್ರಿಲ್‌ನ ಕೊನೆಯ ದಿನ. ಹಾಗಾಗಿ ಮುಂದಿನದು ಮೇ 31 ಆಗುತ್ತದೆ. ಆ ಗ್ರಾಹಕರು ಒಪ್ಪಿದ್ದು ಪ್ರತಿ ತಿಂಗಳ 30ಕ್ಕೆ. ಹಳೇ ಕೋಡ್‌ನಲ್ಲಿ ಅವರಿಗೆ ಮೇ 30 ಸರಿಯಾಗಿಯೇ ಬರುತ್ತಿತ್ತು! ಫೆಬ್ರವರಿ 28ಕ್ಕೇ ಶುರುವಾದ ಪಾಲಿಸಿಯದೂ ಇದೇ ಪಾಡು, ಅದು ಮಾರ್ಚ್ 31ಕ್ಕೆ ಹಾರುತ್ತದೆ. ಒಬ್ಬರ ದೂರು ಸರಿಮಾಡಲು ಹೋಗಿ, ದೂರೇ ಇಲ್ಲದಿದ್ದವರ ದಿನಾಂಕ ಕೆಟ್ಟಿತು.

ಸರಿಯಾದ ಪರಿಹಾರ ಇನ್ನೂ ಚಿಕ್ಕದು.

```java
long n = policy.getInstallmentNo();
LocalDate next = policy.getStartDate().plusMonths(n);
policy.setDueDate(next);
```

ಪ್ರತಿ ಸಲವೂ ಪಾಲಿಸಿ ಶುರುವಾದ ದಿನದಿಂದಲೇ ಎಣಿಸುವುದು. ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದರೆ ಫೆಬ್ರವರಿ 28, ಎರಡು ಸೇರಿಸಿದರೆ ಮಾರ್ಚ್ 31. ಏಪ್ರಿಲ್ 30ಕ್ಕೆ ಒಂದು ಸೇರಿಸಿದರೆ ಮೇ 30. ಮಧ್ಯದಲ್ಲಿ ಏನೂ ಅಳಿಸಿಹೋಗುವುದಿಲ್ಲ.

ಇದನ್ನು ಬರೆಯಲು ಎರಡು ವಿಷಯ ಗೊತ್ತಿರಬೇಕು. ಡೇಟಾಬೇಸ್‌ನಲ್ಲಿ ಶುರುವಾದ ದಿನ ಬೇರೆ ಕಾಲಂನಲ್ಲಿ ಉಳಿದಿದೆಯೇ? ಎಷ್ಟನೇ ಕಂತು ಎಂಬುದು ಎಲ್ಲಾದರೂ ಇದೆಯೇ? ಟೇಬಲ್‌ಗಳನ್ನು ತೋರಿಸಿದ್ದರೆ ಟೂಲ್ ಕೂಡ ಬಹುಶಃ ಇಲ್ಲಿಗೇ ಬರುತ್ತಿತ್ತು. ಆದರೆ ಅವನ್ನು ತೋರಿಸಬೇಕು ಎಂದು ಹೊಳೆಯುವುದು, ಅವು ಇವೆ ಎಂದು ಗೊತ್ತಿದ್ದವರಿಗೆ.

ಟಿಕೆಟ್ ಇಲ್ಲಿಗೂ ಮುಗಿಯುವುದಿಲ್ಲ. ಕೋಡ್ ಸರಿಹೋಯಿತು, ಇನ್ನು ಮುಂದೆ ಬರುವ ದಿನಾಂಕಗಳೆಲ್ಲ ಸರಿ. ಈಗಾಗಲೇ 28 ಎಂದು ಬರೆದಿಟ್ಟ ಪಾಲಿಸಿಗಳು ಎಷ್ಟಿವೆ? ಅವುಗಳ ಈ ತಿಂಗಳ ದಿನಾಂಕ ತಿದ್ದಬೇಕು, ಅದಕ್ಕೆ ಕ್ಲೈಂಟ್ ಒಪ್ಪಿಗೆ ಬೇಕು. ಮೂರು ದಿನ ಮುಂಚೆಯೇ ದುಡ್ಡು ಕಟ್ ಆಗಿ, ಖಾತೆಯಲ್ಲಿ ಹಣ ಸಾಲದೆ, ದಂಡ ಬಿದ್ದ ಗ್ರಾಹಕರು ಇರಬಹುದು. ಅದು ಕೋಡ್‌ನ ಪ್ರಶ್ನೆಯೇ ಅಲ್ಲ, ಕ್ಲೈಂಟ್‌ನ ಬಿಸಿನೆಸ್ ಟೀಮ್‌ಗೆ ಹೇಳಬೇಕಾದ ಮಾತು. ಹಿಂದೆ ಹೊಸಬರು ಎರಡು ದಿನ ಒದ್ದಾಡುವಾಗ ಟೇಬಲ್ ನೋಡುತ್ತಿದ್ದರು, ಪಕ್ಕದ ಸೀಟಿನವರನ್ನು ಕೇಳುತ್ತಿದ್ದರು, ಬೈಸಿಕೊಳ್ಳುತ್ತಿದ್ದರು, ಹಾಗೇ ಈ ಪ್ರಶ್ನೆಗಳಿಗೆಲ್ಲ ಬಂದು ಮುಟ್ಟುತ್ತಿದ್ದರು. ಎಲ್ಲರೂ ಮುಟ್ಟುತ್ತಿದ್ದರು ಅಂತಲ್ಲ. ಎಷ್ಟೋ ಜನ ಸರ್ಚ್ ಮಾಡಿ ಸಿಕ್ಕ ಕೋಡ್ ಅಂಟಿಸಿ ಟಿಕೆಟ್ ಮುಚ್ಚಿದ್ದೂ ಉಂಟು. ಆದರೆ ಅಂಟಿಸಿದ ಕೋಡ್ ಸಾಮಾನ್ಯವಾಗಿ ಹೊಂದಿಕೊಳ್ಳುತ್ತಿರಲಿಲ್ಲ. ಯಾಕೆ ಅಂತ ಒಳಗೆ ಇಳಿದು ನೋಡಲೇಬೇಕಾಗುತ್ತಿತ್ತು. ಟೂಲ್ ಕೊಡುವ ಕೋಡ್ ಹೆಚ್ಚಾಗಿ ಮೊದಲ ಸಲಕ್ಕೇ ಹೊಂದಿಕೊಳ್ಳುತ್ತದೆ. ಹಾಗಾಗಿ ಒಳಗೆ ಇಳಿಯುವ ಪ್ರಮೇಯವೇ ಬರುವುದಿಲ್ಲ.

ಅಳತೆಗಳು ಏನನ್ನು ಅಳೆಯುತ್ತವೆ

ಟೂಲ್‌ನಿಂದ ಹೊಸಬರಿಗೇ ಹೆಚ್ಚು ಲಾಭ ಎಂಬ ಮಾತು ಕೇಳಿರುತ್ತೀರಿ. ಅದಕ್ಕೆ ಆಧಾರವೂ ಇದೆ. ಮೈಕ್ರೋಸಾಫ್ಟ್, ಆಕ್ಸೆಂಚರ್ ಮತ್ತು ಇನ್ನೊಂದು ದೊಡ್ಡ ಕಂಪನಿಯಲ್ಲಿ ಒಟ್ಟು 4,867 ಡೆವಲಪರ್‌ಗಳ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2024ರಲ್ಲಿ ಹೊರಬಂತು. ಕೋಪೈಲಟ್ ಸಿಕ್ಕವರು ಮುಗಿಸಿದ ಕೆಲಸ ಸರಾಸರಿ ಶೇ. 26ರಷ್ಟು ಹೆಚ್ಚಿತ್ತು. ಅನುಭವ ಕಡಿಮೆ ಇದ್ದವರು ಟೂಲ್ ಅನ್ನು ಹೆಚ್ಚು ಬಳಸಿದರು, ಅವರಿಗೆ ಸಿಕ್ಕ ಲಾಭವೂ ದೊಡ್ಡದಿತ್ತು. ಆಕ್ಸೆಂಚರ್ ಸರ್ವಿಸಸ್ ಕಂಪನಿಯೇ ಆದ್ದರಿಂದ ಇದು ನಮ್ಮ ವಿಷಯಕ್ಕೆ ಹತ್ತಿರದ್ದು.

ಆದರೆ ಇಲ್ಲಿ ಎಣಿಸಿದ್ದು ಮುಗಿದ ಕೆಲಸವನ್ನು. ನಮ್ಮ ಉದಾಹರಣೆಯ ಮೊದಲ ಪರಿಹಾರ ಕೂಡ ಮುಗಿದ ಕೆಲಸವೇ ಅಲ್ವಾ? ಅದನ್ನು ಮಾಡಿದವರಿಗೆ ಪ್ರೀಮಿಯಂ ದಿನಾಂಕದ ಬಗ್ಗೆ ಏನು ಗೊತ್ತಾಯಿತು ಎಂಬುದು ಇಂಥ ಎಣಿಕೆಯಲ್ಲಿ ಬರುವುದಿಲ್ಲ. ಕಂಪನಿಗಳ ಡ್ಯಾಶ್‌ಬೋರ್ಡ್‌ನಲ್ಲೂ ಬರುವುದಿಲ್ಲ. ಅಲ್ಲಿರುವುದು ಎಷ್ಟು ಟಿಕೆಟ್ ಮುಚ್ಚಿದರು, ಎಸ್‌ಎಲ್‌ಎ, ಅಂದರೆ ಕ್ಲೈಂಟ್ ಜೊತೆ ಒಪ್ಪಿಕೊಂಡ ಗಡುವಿನ ಒಳಗೆ ಮುಚ್ಚಿದರೇ ಎಂಬುದು.

ಕೆಲಸ ಸಿಗುವ ಕಡೆ ನೋಡಿದರೆ ಚಿತ್ರ ಬೇರೆ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಮೆರಿಕದ ಸಂಬಳದ ದಾಖಲೆಗಳನ್ನು ಹಿಡಿದು ಲೆಕ್ಕ ಹಾಕಿದರು. 22ರಿಂದ 25 ವರ್ಷದ ಸಾಫ್ಟ್‌ವೇರ್ ಡೆವಲಪರ್‌ಗಳ ಸಂಖ್ಯೆ 2022ರ ಕೊನೆಯಲ್ಲಿದ್ದ ಮಟ್ಟಕ್ಕಿಂತ ಸುಮಾರು ಶೇ. 20ರಷ್ಟು ಇಳಿದಿತ್ತು. ಅದೇ ಕೆಲಸದಲ್ಲಿ ಅವರಿಗಿಂತ ಹೆಚ್ಚು ವಯಸ್ಸಿನವರ ಸಂಖ್ಯೆ ಹಾಗೆ ಬೀಳಲಿಲ್ಲ. ಬಡ್ಡಿ ದರ ಏರಿದ್ದು, ಕೊರೋನಾ ಕಾಲದಲ್ಲಿ ಬೇಕಾಬಿಟ್ಟಿ ನೇಮಕ ಮಾಡಿಕೊಂಡಿದ್ದು, ಇವೂ ಇದೇ ಹೊತ್ತಿನಲ್ಲೇ ಸೇರಿಕೊಂಡಿವೆ. ಹಾಗಾಗಿ ಇಡೀ ಇಳಿಕೆಯನ್ನು ಟೂಲ್‌ನ ತಲೆಗೆ ಕಟ್ಟಲಾಗದು. ಆದರೂ ವಯಸ್ಸಿನ ಮೇಲೆ ಇಷ್ಟು ಸ್ಪಷ್ಟವಾಗಿ ಬೇರೆಯಾಗಿರುವುದನ್ನು ಬದಿಗೆ ಸರಿಸುವುದೂ ಕಷ್ಟ.

ಎರಡನ್ನೂ ಸೇರಿಸಿ ಓದಿದರೆ ವಿಚಿತ್ರ ಏನೂ ಇಲ್ಲ. ಒಬ್ಬ ಹೊಸಬರು ಹೆಚ್ಚು ಕೆಲಸ ಮುಗಿಸುತ್ತಾರೆ, ಆದ್ದರಿಂದಲೇ ಹೊಸಬರು ಕಡಿಮೆ ಸಾಕು.

ರಿವ್ಯೂ ಮೇಜಿನ ಮೇಲೆ ಬೆಟ್ಟ

ಉಳಿದ ಎಂಟು ಜನ ಹೊಸಬರು ಹನ್ನೆರಡು ಜನರ ಕೋಡ್ ತಯಾರಿಸುತ್ತಾರೆ. ಅದನ್ನೆಲ್ಲ ನೋಡಿ ಒಪ್ಪಬೇಕಾದವರು ಅದೇ ಇಬ್ಬರು ಲೀಡ್. ಕೋಡ್ ಬರೆಯುವ ವೇಗ ಏರಿತು, ಓದುವ ವೇಗ ಏರಲಿಲ್ಲ. ಹಿಂದೆ ಹೊಸಬರ ಕೋಡ್ ನೋಡಿದರೆ ಅವರಿಗೆ ಎಲ್ಲಿ ಅರ್ಥವಾಗಿಲ್ಲ ಎಂದು ಲೀಡ್‌ಗೆ ತಕ್ಷಣ ಗೊತ್ತಾಗುತ್ತಿತ್ತು. ವೇರಿಯಬಲ್ ಹೆಸರು ಸೊಟ್ಟಗೆ ಇರುತ್ತಿತ್ತು, ಲೂಪ್ ಅನವಶ್ಯಕವಾಗಿ ಉದ್ದ ಇರುತ್ತಿತ್ತು. ಆ ಸೊಟ್ಟತನವೇ ಲೀಡ್‌ಗೆ ಸುಳಿವು. ಈಗ ಎಲ್ಲರ ಕೋಡ್ ಒಂದೇ ಥರ ನೀಟಾಗಿರುತ್ತದೆ. ಅರ್ಥವಾಗಿ ಬರೆದದ್ದಕ್ಕೂ ಅರ್ಥವಾಗದೆ ಕಳಿಸಿದ್ದಕ್ಕೂ ನೋಟದಲ್ಲಿ ವ್ಯತ್ಯಾಸ ಇಲ್ಲ.

ವ್ಯತ್ಯಾಸ ಗೊತ್ತಾಗುವುದು ಪ್ರಶ್ನೆ ಕೇಳಿದಾಗ. "30ನೇ ತಾರೀಕಿನ ಪಾಲಿಸಿಗೆ ಇದು ಏನು ಮಾಡುತ್ತೆ?" ಎಂದು ಲೀಡ್ ಕೇಳುತ್ತಾರೆ. "ಚೆಕ್ ಮಾಡಿ ಹೇಳ್ತೀನಿ" ಎಂಬ ಉತ್ತರ ತಪ್ಪೇನಲ್ಲ. ಆದರೆ ಪ್ರತಿ ಪ್ರಶ್ನೆಗೂ ಅದೇ ಉತ್ತರ ಬಂದರೆ, ಪ್ರತಿ ಕಮೆಂಟ್‌ಗೂ ಹತ್ತು ನಿಮಿಷದಲ್ಲಿ ಪೂರ್ತಿ ಹೊಸ ಕೋಡ್ ಬಂದರೆ, ಲೀಡ್ ಮಾತಾಡುತ್ತಿರುವುದು ಟೂಲ್ ಜೊತೆ, ಮಧ್ಯದಲ್ಲಿ ಒಬ್ಬರು ಕೊರಿಯರ್ ಇದ್ದಾರೆ ಅಷ್ಟೇ. ಅಂಥ ಕೊರಿಯರ್‌ಗೆ ಕ್ಲೈಂಟ್ ಎಷ್ಟು ದಿನ ಬಿಲ್ ಕಟ್ಟುತ್ತಾರೆ? ತಳದ ಸೀಟಿಗೆ ನಿಜವಾದ ಅಪಾಯ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ.

ಇನ್ನೊಂದು ತೊಂದರೆ ನಿಧಾನಕ್ಕೆ ಬರುವಂಥದ್ದು. ಮೂರು ವರ್ಷ ಆದಮೇಲೆ ಇವರಲ್ಲೇ ಯಾರನ್ನಾದರೂ ಲೀಡ್ ಮಾಡಬೇಕು. ಕ್ಲೈಂಟ್ ಮುಂದೆ ಕೂತು, ಕೋಡ್ ತೆರೆಯದೆ, "ಈ ಬದಲಾವಣೆಯಿಂದ ಬಿಲ್ಲಿಂಗ್ ಮಾಡ್ಯೂಲ್‌ಗೆ ಪೆಟ್ಟು ಬೀಳುತ್ತೆ" ಎಂದು ಹೇಳಬಲ್ಲವರು ಬೇಕು. ಆ ತಿಳಿವಳಿಕೆ ಡಾಕ್ಯುಮೆಂಟ್‌ನಲ್ಲಿ ಅಷ್ಟಾಗಿ ಇರುವುದಿಲ್ಲ. ಹಳೇ ಟಿಕೆಟ್‌ಗಳನ್ನು ಕೈಯಾರೆ ಬಿಡಿಸಿದವರ ತಲೆಯಲ್ಲಿ ಇರುತ್ತದೆ.

ಎಲ್ಲ ಪ್ರಾಜೆಕ್ಟ್‌ನಲ್ಲೂ ಒಂದೇ ಥರ ಇಲ್ಲ

ಒಂದೇ ಕಂಪನಿ, ಒಂದೇ ಬ್ಯಾಚ್, ಪಕ್ಕಪಕ್ಕದ ಮೇಜು. ಆದರೂ ಇಬ್ಬರು ಹೊಸಬರ ಅನುಭವ ಪೂರ್ತಿ ಬೇರೆ ಇರಬಹುದು. ಕೋಡ್ ಕ್ಲೈಂಟ್‌ನ ಆಸ್ತಿ. ಅದನ್ನು ಯಾವ ಟೂಲ್‌ಗೆ ತೋರಿಸಬಹುದು ಎಂದು ತೀರ್ಮಾನಿಸುವುದೂ ಕ್ಲೈಂಟ್. ಕೆಲವರು ತಮ್ಮದೇ ಲೈಸೆನ್ಸ್ ಕೊಟ್ಟು ಬಳಸಿ ಎನ್ನುತ್ತಾರೆ. ಬ್ಯಾಂಕಿನಂಥ ಕ್ಲೈಂಟ್‌ಗಳು ತಮ್ಮ ರಿಮೋಟ್ ಡೆಸ್ಕ್‌ಟಾಪ್ ಒಳಗೆ ಮಾತ್ರ ಕೆಲಸ ಮಾಡಿಸಿ, ಹೊರಗಿನ ಟೂಲ್ ಪೂರ್ತಿ ಮುಚ್ಚಿಡುವುದೂ ಉಂಟು. ಅಂಥ ಕಡೆ ಮೊಬೈಲ್‌ನಲ್ಲಿ ಸ್ಕ್ರೀನ್ ಫೋಟೋ ತೆಗೆದು ಹೊರಗಿನ ಚಾಟ್‌ಬಾಟ್‌ಗೆ ಹಾಕುವುದು ಕೆಲಸಕ್ಕೇ ಕುತ್ತು ತರುವ ಕೆಲಸ. ಕಾಂಟ್ರಾಕ್ಟ್‌ನ ಗೋಪ್ಯತೆಯ ಷರತ್ತನ್ನು ನೇರವಾಗಿ ಮುರಿದ ಹಾಗೆ.

ಕೋಡ್‌ನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಸ್ಪ್ರಿಂಗ್ ಬೂಟ್, ರಿಯಾಕ್ಟ್ ಥರ ಎಲ್ಲರೂ ಬಳಸುವ ಫ್ರೇಮ್‌ವರ್ಕ್‌ಗಳಲ್ಲಿ ಟೂಲ್ ನೋಡಿದ ಕೋಡ್ ಅಪಾರ, ಹಾಗಾಗಿ ಉತ್ತರವೂ ಚೆನ್ನಾಗಿರುತ್ತದೆ. ಕ್ಲೈಂಟ್ ತನ್ನ ಮನೆಯೊಳಗೇ ಕಟ್ಟಿಕೊಂಡ ಹಳೇ ಫ್ರೇಮ್‌ವರ್ಕ್ ಆದರೆ ಅದು ಊಹೆ ಮಾಡುತ್ತದೆ, ಇಲ್ಲದ ಮೆಥಡ್‌ನ ಹೆಸರನ್ನೂ ಧೈರ್ಯವಾಗಿ ಬರೆಯುತ್ತದೆ. "ಲೆಗಸಿ ಪ್ರಾಜೆಕ್ಟ್ ಸಿಕ್ಕಿತು" ಎಂದು ಮುಖ ಸಣ್ಣ ಮಾಡಿಕೊಳ್ಳುವುದು ಹೊಸಬರ ರೂಢಿ. ಈಗಿನ ಪರಿಸ್ಥಿತಿಯಲ್ಲಿ ಅಲ್ಲಿ ಕಲಿಯಲು ಸಿಗುವುದು ಜಾಸ್ತಿ ಇರಬಹುದು.

ಕೆಲವು ಟೀಮ್‌ಗಳಲ್ಲಿ ಮಾಡಬಹುದಾದದ್ದು

ಟೂಲ್ ನಿಲ್ಲಿಸುವುದು ಆಗದ ಮಾತು. ಆದರೆ ಅದರ ಜಾಗ ಬದಲಿಸಬಹುದು. ಒಂದು ಬಗೆ ಹೀಗೆ: ಹೊಸಬರು ಮೊದಲು ಟೂಲ್ ಇಲ್ಲದೆ ಬಗ್ ಅನ್ನು ತಮ್ಮ ಮೆಷಿನ್‌ನಲ್ಲಿ ಮತ್ತೆ ಬರುವಂತೆ ಮಾಡಬೇಕು. ಅದನ್ನು ಹಿಡಿಯುವ, ಈಗ ಫೇಲ್ ಆಗುವ ಟೆಸ್ಟ್ ಒಂದನ್ನು ತಾವೇ ಬರೆಯಬೇಕು. ಕಾರಣ ಏನು ಎಂದು ಟಿಕೆಟ್‌ನಲ್ಲೇ ಎರಡು ಸಾಲು ಬರೆಯಬೇಕು. ಆಮೇಲೆ ಕೋಡ್ ಟೂಲ್ ಬರೆದರೂ ಚಿಂತೆಯಿಲ್ಲ. ನಮ್ಮ ಪ್ರೀಮಿಯಂ ಟಿಕೆಟ್‌ನಲ್ಲಿ "ಹಳೇ ದಿನಾಂಕದ ಮೇಲೆ ಬರೆಯುತ್ತಿದ್ದೇವೆ, ಶುರುವಾದ ದಿನ ಕಳೆದುಹೋಗುತ್ತಿದೆ" ಎಂಬ ಎರಡು ಸಾಲು ಮೊದಲೇ ಬಂದಿದ್ದರೆ, ತಪ್ಪು ಪರಿಹಾರ ಕಣ್ಣಿಗೆ ಹೊಡೆಯುತ್ತಿತ್ತು. ಇದಕ್ಕೆ ಎರಡು ದಿನ ಬೇಡ. ಒಂದೆರಡು ಗಂಟೆ ಸಾಕು, ಅಷ್ಟನ್ನು ಬಿಲ್‌ನಲ್ಲಿ ಸಮರ್ಥಿಸಿಕೊಳ್ಳಲೂ ಆಗುತ್ತದೆ.

ಇನ್ನೊಂದು, ಟೂಲ್‌ಗೆ ಸಿಗದ ಕೆಲಸವನ್ನು ಬೇಗ ಕೊಡುವುದು. ಕ್ಲೈಂಟ್ ಜೊತೆಗಿನ ಕಾಲ್‌ನಲ್ಲಿ ಟಿಕೆಟ್‌ನ ಅರ್ಥ ಬಿಡಿಸುವುದು, ಕೆಟ್ಟ ಡೇಟಾ ಎಷ್ಟಿದೆ ಎಂದು ಎಣಿಸಿ ತಿದ್ದುವ ಸ್ಕ್ರಿಪ್ಟ್‌ಗೆ ಒಪ್ಪಿಗೆ ಪಡೆಯುವುದು, ರಿಲೀಸ್ ರಾತ್ರಿ ಲಾಗ್ ನೋಡುತ್ತ ಕೂರುವುದು. ಇವೆಲ್ಲ ಹಿಂದೆ ಎರಡನೇ ಅಥವಾ ಮೂರನೇ ವರ್ಷಕ್ಕೆ ಸಿಗುತ್ತಿದ್ದ ಕೆಲಸ. ಆರನೇ ತಿಂಗಳಿಗೇ ಕೊಟ್ಟರೆ ಹೊಸಬರು ಕಷ್ಟಪಡುತ್ತಾರೆ, ಜೊತೆಗೆ ಒಬ್ಬ ಅನುಭವಿ ಕೂರಬೇಕಾಗುತ್ತದೆ. ಆ ಅನುಭವಿಯ ಗಂಟೆಯನ್ನು ಯಾರ ಖಾತೆಗೆ ಬರೆಯುವುದು ಎಂಬ ಪ್ರಶ್ನೆ ಮಾತ್ರ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಫಿಕ್ಸ್‌ಡ್ ಪ್ರೈಸ್ ಪ್ರಾಜೆಕ್ಟ್‌ನಲ್ಲಿ ಟೂಲ್‌ನಿಂದ ಉಳಿದ ದುಡ್ಡಿನಲ್ಲೇ ಅದನ್ನು ಹೊಂದಿಸಬಹುದು. ಗಂಟೆ ಲೆಕ್ಕದ ಪ್ರಾಜೆಕ್ಟ್‌ನಲ್ಲಿ ಉಳಿದದ್ದೆಲ್ಲ ಕ್ಲೈಂಟ್‌ಗೆ ಹೋಗಿರುತ್ತದೆ. ಹಾಗಾಗಿ ಹೊಸಬರು ತಮ್ಮನ್ನು ಹೊಸ ಪ್ರಾಜೆಕ್ಟ್‌ಗೆ ಹಾಕಿದಾಗ ಯಾವ ಟೆಕ್ನಾಲಜಿ ಎಂದು ಕೇಳುವುದರ ಜೊತೆಗೆ, ಕಾಂಟ್ರಾಕ್ಟ್ ಯಾವ ಬಗೆಯದು, ತಮ್ಮ ಕೋಡ್ ನೋಡುವವರು ಯಾರು, ಅವರ ಕೈಕೆಳಗೆ ಎಷ್ಟು ಜನ ಇದ್ದಾರೆ ಎಂದೂ ಕೇಳಿಕೊಂಡರೆ ಮುಂದಿನ ಎರಡು ವರ್ಷ ಹೇಗಿರುತ್ತದೆ ಎಂಬ ಅಂದಾಜು ಸಿಗುತ್ತದೆ.